ಮನೆಗೆ ಯಾವ ಹೊಗೆ ಅಲಾರಂ ಸೂಕ್ತ, ಅದನ್ನು ಎಲ್ಲಿ ಕೂರಿಸಬೇಕು: ಅಯಾನೀಕರಣ ಮತ್ತು ಫೋಟೋಎಲೆಕ್ಟ್ರಿಕ್ ಮಾದರಿಗಳ ಹೋಲಿಕೆ

ಮನೆಗೆಂದು ಮಾರುವ ಹೊಗೆ ಅಲಾರಂಗಳು ಹೊರನೋಟಕ್ಕೆ ಒಂದೇ ಬಗೆಯವಾಗಿ ಕಾಣುತ್ತವೆ. ಅಂಗೈಯಗಲದ ಬಿಳಿ ಪ್ಲಾಸ್ಟಿಕ್ ಬಿಲ್ಲೆ, ಅಂಚಿನಲ್ಲಿ ಹೊಗೆ ಒಳಹೋಗಲು ಸೀಳುಗಳು, ನಡುವೆ ಪರೀಕ್ಷೆಯ ಗುಂಡಿ, ಆಗಾಗ ಮಿನುಗುವ ಒಂದು ಕೆಂಪು ದೀಪ. ಕೂಗುವ ಸದ್ದಿನಲ್ಲಿಯೂ ವ್ಯತ್ಯಾಸವಿಲ್ಲ. ಯುರೋಪಿನ ಇಎನ್ 14604 ಮಾನದಂಡವಾಗಲಿ ಅಮೆರಿಕದ ಯುಎಲ್ 217 ಮಾನದಂಡವಾಗಲಿ ಸುಮಾರು ಮೂರು ಮೀಟರ್ ದೂರದಲ್ಲಿ 85 ಡೆಸಿಬಲ್ ಸದ್ದನ್ನು ಕೇಳುತ್ತವೆ. ವ್ಯತ್ಯಾಸವಿರುವುದು ಹೊಗೆಯನ್ನು ಗುರುತಿಸುವ ಒಳಗಿನ ಕೋಶದಲ್ಲಿ. ಮಲಗಿದವರನ್ನು ಯಾವ ಬಗೆಯ ಬೆಂಕಿಯಿಂದ ಬೇಗ ಎಬ್ಬಿಸಬಲ್ಲದು ಎಂಬುದನ್ನು ಆ ಕೋಶವೇ ತೀರ್ಮಾನಿಸುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಸಾಮಾನ್ಯ ವಾಸದ ಮನೆಗಳಲ್ಲಿ ಮಲಗುವ ಕೋಣೆಗೂ ಅದರ ಹೊರಗಿನ ಪ್ಯಾಸೇಜಿಗೂ ಫೋಟೋಎಲೆಕ್ಟ್ರಿಕ್ ಮಾದರಿಯೇ ಸರಿ. ಅಂಗಡಿಗಳಲ್ಲಿ ಇದನ್ನು ಆಪ್ಟಿಕಲ್ ಎಂದೂ ಕರೆಯುತ್ತಾರೆ. ಆದರೆ ಸರಿಯಾದ ಮಾದರಿಯನ್ನು ತಂದು ತಪ್ಪಾದ ಜಾಗದಲ್ಲಿ ಕೂರಿಸಿದರೆ ಪ್ರಯೋಜನವಿಲ್ಲ. ನಮ್ಮ ಮನೆಗಳಲ್ಲಿ ಜಾಗದ ಪ್ರಶ್ನೆ ಬಂದಾಗ ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಸೀಲಿಂಗ್ ಫ್ಯಾನ್. ಹೊರದೇಶದ ಕೈಪಿಡಿಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಈ ವಿಷಯಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕೋಶದ ಒಳಗೆ ಏನು ನಡೆಯುತ್ತದೆ

ಅಯಾನೀಕರಣ ಅಲಾರಂನಲ್ಲಿ ಅಮೆರಿಸಿಯಂ-241 ಎಂಬ ವಿಕಿರಣಶೀಲ ಧಾತು ಇರುತ್ತದೆ. ಅದರ ತೂಕ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಅದು ಹೊರಸೂಸುವ ಆಲ್ಫಾ ಕಣಗಳು ಎರಡು ಲೋಹದ ಫಲಕಗಳ ನಡುವಿನ ಗಾಳಿಯ ಅಣುಗಳಿಗೆ ಬಡಿದು ಅವುಗಳನ್ನು ವಿದ್ಯುದಾವೇಶವುಳ್ಳ ಅಯಾನುಗಳಾಗಿ ಒಡೆಯುತ್ತವೆ. ಫಲಕಗಳಿಗೆ ಬ್ಯಾಟರಿಯ ಸಂಪರ್ಕವಿರುವುದರಿಂದ ಈ ಅಯಾನುಗಳ ಮೂಲಕ ಅತ್ಯಂತ ಸಣ್ಣ ಪ್ರಮಾಣದ ಕರೆಂಟು ಸದಾ ಹರಿಯುತ್ತಿರುತ್ತದೆ. ಹೊಗೆಯ ಕಣಗಳು ಒಳಗೆ ಬಂದಾಗ ಅಯಾನುಗಳು ಅವುಗಳಿಗೆ ಅಂಟಿಕೊಳ್ಳುತ್ತವೆ, ಕರೆಂಟು ಕುಸಿಯುತ್ತದೆ, ಆ ಕುಸಿತವನ್ನು ಗಮನಿಸಿದ ಸರ್ಕ್ಯೂಟು ಸೈರನ್ನನ್ನು ಕೂಗಿಸುತ್ತದೆ. ಇಲ್ಲಿ ಮುಖ್ಯವಾಗುವುದು ಕಣಗಳ ಗಾತ್ರಕ್ಕಿಂತ ಅವುಗಳ ಸಂಖ್ಯೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಅಪಾರ ಸಂಖ್ಯೆಯಲ್ಲಿ ಬಂದರೆ ಈ ಕೋಶ ಬೇಗ ಎಚ್ಚರಗೊಳ್ಳುತ್ತದೆ. ಅಂಥ ಕಣಗಳನ್ನು ಹುಟ್ಟಿಸುವುದು ಜ್ವಾಲೆಯೆದ್ದು ಧಗಧಗನೆ ಉರಿಯುವ ಬೆಂಕಿ: ಕಾಗದ, ಒಣ ಸೌದೆ, ಚೆಲ್ಲಿದ ಸೀಮೆಎಣ್ಣೆ ಅಥವಾ ಪೆಟ್ರೋಲು.

ಫೋಟೋಎಲೆಕ್ಟ್ರಿಕ್ ಅಲಾರಂನಲ್ಲಿ ವಿಕಿರಣಶೀಲ ವಸ್ತು ಇರುವುದಿಲ್ಲ. ಹೊರಗಿನ ಬೆಳಕು ನುಗ್ಗದಂತೆ ತಿರುವುಮುರುವಿನ ಗೋಡೆಗಳಿಂದ ಕಟ್ಟಿದ ಒಂದು ಕಪ್ಪು ಕೋಶ, ಅದರ ಒಂದು ಬದಿಯಲ್ಲಿ ಬೆಳಕು ಚೆಲ್ಲುವ ಎಲ್‌ಇಡಿ, ಆ ಬೆಳಕು ನೇರವಾಗಿ ಬೀಳದಂತೆ ಕೋನದಲ್ಲಿ ಕೂರಿಸಿದ ಬೆಳಕಿನ ಸಂವೇದಕ, ಇಷ್ಟೇ ಅದರ ರಚನೆ. ಗಾಳಿ ಸ್ವಚ್ಛವಾಗಿರುವಾಗ ಸಂವೇದಕಕ್ಕೆ ಬಹುಮಟ್ಟಿಗೆ ಕತ್ತಲೆಯೇ. ಹೊಗೆ ಬಂದಾಗ ಅದರ ಕಣಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ, ಚದುರಿದ್ದರಲ್ಲಿ ಒಂದು ಪಾಲು ಸಂವೇದಕದ ಮೇಲೆ ಬೀಳುತ್ತದೆ. ಕಣ ದೊಡ್ಡದಾದಷ್ಟೂ ಚದುರಿಕೆ ಹೆಚ್ಚು. ಹೀಗಾಗಿ ದಪ್ಪ ಕಣಗಳ ಬಿಳಿ ಅಥವಾ ಬೂದು ಹೊಗೆಯನ್ನು ಈ ಕೋಶ ಚೆನ್ನಾಗಿ ಗುರುತಿಸುತ್ತದೆ. ಬೆಳಕನ್ನು ಚದುರಿಸುವುದಕ್ಕಿಂತ ಹೆಚ್ಚಾಗಿ ಹೀರಿಕೊಳ್ಳುವ ನುಣ್ಣನೆಯ ಕಪ್ಪು ಮಸಿಯನ್ನು ಗುರುತಿಸುವುದು ಅದಕ್ಕೆ ಸ್ವಲ್ಪ ತಡ. ದಪ್ಪ ಕಣಗಳ ಹೊಗೆಯನ್ನು ಉಗುಳುವುದು ಜ್ವಾಲೆಯಿಲ್ಲದೆ ಒಳಗೊಳಗೇ ಬೇಯುವ ಬೆಂಕಿ.

ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು ನಿಜವಾದ ಮನೆಗಳಲ್ಲಿ ಬೆಂಕಿ ಹಚ್ಚಿ ಎರಡೂ ಮಾದರಿಗಳನ್ನು ಪರೀಕ್ಷಿಸಿ 2004ರಲ್ಲಿ ವರದಿ ಕೊಟ್ಟಿತು. ಜ್ವಾಲೆಯ ಬೆಂಕಿಯಲ್ಲಿ ಅಯಾನೀಕರಣ ಮಾದರಿ ಸ್ವಲ್ಪ ಮುಂದಿತ್ತು. ಹೊಗೆಯಾಡುವ ಬೆಂಕಿಯಲ್ಲಿ ಫೋಟೋಎಲೆಕ್ಟ್ರಿಕ್ ಮಾದರಿ ಹಲವು ಸಲ ಬಹಳವೇ ಮುಂದಿತ್ತು. ಈ ಎರಡು ಅಂತರಗಳು ಒಂದೇ ಅಳತೆಯವಲ್ಲ ಎಂಬುದನ್ನು ಗಮನಿಸಬೇಕು. ಮೊದಲನೆಯದು ಬಹುಪಾಲು ಸೆಕೆಂಡುಗಳ ಮಾತು, ಎರಡನೆಯದು ನಿಮಿಷಗಳ ಮಾತು.

ನಮ್ಮ ಮನೆಗಳಲ್ಲಿ ರಾತ್ರಿ ಹೊತ್ತಿಕೊಳ್ಳುವುದು ಯಾವುದು

ಜ್ವಾಲೆಯ ಬೆಂಕಿ ಹೆಚ್ಚಾಗಿ ಹುಟ್ಟುವುದು ಮನುಷ್ಯರು ಎಚ್ಚರವಿದ್ದು ಏನನ್ನಾದರೂ ಮಾಡುತ್ತಿರುವಾಗ, ಅದರಲ್ಲಿಯೂ ಒಲೆಯ ಮುಂದೆ. ಅಲ್ಲಿ ಅಲಾರಂಗಿಂತ ಮೊದಲು ಕಣ್ಣು ನೋಡುತ್ತದೆ. ಮಲಗಿದ ಮೇಲೆ ಆರಂಭವಾಗುವ ಬೆಂಕಿಯ ಸ್ವಭಾವ ಬೇರೆ. ಮಂಚದ ಕೆಳಗೆ ಇಟ್ಟ ಸೊಳ್ಳೆ ಬತ್ತಿಯ ಮೇಲೆ ಹೊದಿಕೆಯ ತುದಿ ಜಾರಿ ಬೀಳುತ್ತದೆ. ಹತ್ತಿಯ ಹಾಸಿಗೆಯಾದರೆ ಅದು ಕೂಡಲೇ ಭಗ್ಗೆಂದು ಹೊತ್ತಿಕೊಳ್ಳುವುದಿಲ್ಲ. ಕೆಂಡವು ಕಾಸಿನಗಲದ ಒಂದು ಕಪ್ಪು ಗುಳಿಯನ್ನು ಮಾಡಿಕೊಂಡು ಹತ್ತಿಯ ಒಳಕ್ಕೆ ಇಳಿಯುತ್ತದೆ, ಮೇಲಿನ ಬಟ್ಟೆಗಿಂತ ಒಳಗಿನ ಹತ್ತಿ ಹೆಚ್ಚು ಅಗಲಕ್ಕೆ ಸುಡುತ್ತದೆ, ದಟ್ಟವಾದ ಬಿಳಿ ಹೊಗೆ ಮಂಚದ ಅಂಚಿನಿಂದ ಏಳುತ್ತದೆ. ಈ ಸ್ಥಿತಿ ಒಂದು ಗಂಟೆಗೂ ಮೀರಿ ಮುಂದುವರಿಯಬಹುದು. ಅಷ್ಟು ಹೊತ್ತು ಕೋಣೆಯಲ್ಲಿ ಇಂಗಾಲದ ಮಾನಾಕ್ಸೈಡ್ ತುಂಬುತ್ತಿರುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರು ಕೆಮ್ಮಿ ಏಳುವ ಬದಲು ಇನ್ನಷ್ಟು ಗಾಢವಾದ ಮಂಪರಿಗೆ ಜಾರುತ್ತಾರೆ. ತೆಂಗಿನ ನಾರಿನ ಹಾಸಿಗೆ, ಹಳೆಯ ಸೀರೆಗಳ ಕೌದಿ, ಸೋಫಾದ ಫೋಮು ಇವುಗಳಿಗೂ ಕೆಂಡ ತಗಲಿದಾಗ ಮೊದಲ ಹಂತ ಹೀಗೆಯೇ. ಸಡಿಲಗೊಂಡ ಪ್ಲಗ್ ಪಾಯಿಂಟಿನ ಒಳಗೆ ತಂತಿಯ ಹೊದಿಕೆ ಕರಗುವಾಗಲೂ ಜ್ವಾಲೆಗಿಂತ ಮೊದಲು ಹೊಗೆ ಬರುತ್ತದೆ.

ಇಂಥ ರಾತ್ರಿಯಲ್ಲಿ ಹೊಗೆಯ ಹಂತದಲ್ಲಿಯೇ ಕೂಗುವ ಅಲಾರಂ ಬೇಕು. ಅಯಾನೀಕರಣ ಮಾದರಿಯೂ ಕೊನೆಗೆ ಕೂಗುತ್ತದೆ, ಆದರೆ ಹಲವು ಸಲ ಜ್ವಾಲೆ ಏಳುವ ಹೊತ್ತಿಗೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯವು 2017ರಿಂದ ಜಾರಿಗೆ ತಂದ ಮನೆ ಅಲಾರಂ ಕಾನೂನಿನಲ್ಲಿ ಫೋಟೋಎಲೆಕ್ಟ್ರಿಕ್ ಮಾದರಿಯನ್ನೇ ಕಡ್ಡಾಯಗೊಳಿಸಿದೆ. ಮಲಗುವ ಕೋಣೆಗಳಲ್ಲಿ ಅಲಾರಂ ಇರಬೇಕೆಂದೂ ಅದು ಹೇಳುತ್ತದೆ.

ಒಗ್ಗರಣೆ, ಸಾಂಬ್ರಾಣಿ, ಬಚ್ಚಲ ಹಬೆ

ಹೋಲಿಕೆಯಲ್ಲಿ ಎರಡನೆಯ ಅಂಶ ಸುಳ್ಳು ಕೂಗು. ಬೆಂಕಿಯಿಲ್ಲದೆ ಪದೇ ಪದೇ ಕೂಗುವ ಅಲಾರಂನ ಬ್ಯಾಟರಿಯನ್ನು ಮನೆಯವರು ಒಂದು ದಿನ ಬಿಚ್ಚಿ ಟಿವಿಯ ರಿಮೋಟಿನ ಪಕ್ಕ ಇಟ್ಟುಬಿಡುತ್ತಾರೆ, ಅಲ್ಲಿಗೆ ಅಲಾರಂನ ಆಯುಷ್ಯ ಮುಗಿಯಿತು. ಈ ಕಾರಣದಿಂದ ಸುಳ್ಳು ಕೂಗನ್ನು ಕಿರಿಕಿರಿ ಎಂದಲ್ಲ, ದೋಷವೆಂದೇ ಪರಿಗಣಿಸಬೇಕು.

ಕಾದ ಎಣ್ಣೆಗೆ ಸಾಸಿವೆ, ಒಣಮೆಣಸಿನಕಾಯಿ ಬಿದ್ದಾಗ ಏಳುವ ಘಾಟು, ಹಬ್ಬದ ದಿನ ಕಜ್ಜಾಯ ಕರಿಯುವ ಬಾಣಲೆಯ ಮೇಲಿನ ಬಿಸಿ ಗಾಳಿ, ಸೀದ ರೊಟ್ಟಿಯ ತವೆ, ಇವೆಲ್ಲ ಕಣ್ಣಿಗೆ ಕಾಣದ ಸಣ್ಣ ಕಣಗಳನ್ನು ಲೆಕ್ಕವಿಲ್ಲದಷ್ಟು ಹೊರಬಿಡುತ್ತವೆ. ಇದು ನೇರವಾಗಿ ಅಯಾನೀಕರಣ ಕೋಶವನ್ನು ಕೆರಳಿಸುವ ಹೊಗೆ. ದಿನಕ್ಕೆ ಎರಡು ಹೊತ್ತು ಒಗ್ಗರಣೆ ಬೀಳುವ, ಅಡುಗೆಮನೆಗೆ ಬಾಗಿಲೇ ಇಲ್ಲದೆ ಹಾಲ್‌ಗೆ ತೆರೆದುಕೊಂಡಿರುವ ಇಂದಿನ ಮನೆಗಳಲ್ಲಿ ಅಯಾನೀಕರಣ ಅಲಾರಂ ಬಹುಕಾಲ ಉಳಿಯಲಾರದು. ನಾನು ಅದನ್ನು ಬೇಡವೆನ್ನಲು ಹೊಗೆಯಾಡುವ ಬೆಂಕಿಯಲ್ಲಿ ಅದು ಹಿಂದುಳಿಯುತ್ತದೆ ಎಂಬುದು ಮೊದಲ ಕಾರಣ, ಇದು ಎರಡನೆಯದು.

ಫೋಟೋಎಲೆಕ್ಟ್ರಿಕ್ ಮಾದರಿಗೂ ತನ್ನದೇ ಆದ ದೌರ್ಬಲ್ಯಗಳಿವೆ. ಬಚ್ಚಲುಮನೆಯಿಂದ ಬರುವ ಹಬೆಯ ಹನಿಗಳು ಬೆಳಕನ್ನು ಹೊಗೆಯಂತೆಯೇ ಚದುರಿಸುತ್ತವೆ. ತಲೆಗೆ ನೀರು ಹಾಕಿಕೊಂಡ ದಿನ ಹಿಡಿಯುವ ಸಾಂಬ್ರಾಣಿ ಹೊಗೆ ದಪ್ಪ ಕಣಗಳದ್ದು, ಅದನ್ನು ಈ ಕೋಶ ತಪ್ಪದೆ ಗುರುತಿಸುತ್ತದೆ. ಬೇಸಿಗೆಯಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕ್ವಾರಿ ಲಾರಿಗಳು ಓಡಾಡುವ ರಸ್ತೆಯ ಪಕ್ಕದ ಮನೆಗಳಿಗೆ ಬರುವ ನುಣ್ಣನೆಯ ಧೂಳು ಕೋಶದ ಗೋಡೆಗೆ ಅಂಟಿ ಹಿನ್ನೆಲೆಯ ಬೆಳಕನ್ನು ಹೆಚ್ಚಿಸುತ್ತಾ ಹೋಗುತ್ತದೆ. ಎಲ್ಲಕ್ಕಿಂತ ವಿಚಿತ್ರವಾದದ್ದು ಹುಳ. ಮೊದಲ ಮಳೆಯ ನಂತರ ದೀಪಕ್ಕೆ ಮುತ್ತುವ ಸಣ್ಣ ಕೀಟವೊಂದು ಸೀಳಿನಿಂದ ನುಸುಳಿ ಎಲ್‌ಇಡಿಯ ಬೆಳಕಿನ ದಾರಿಯಲ್ಲಿ ಕುಳಿತರೆ ನಡುರಾತ್ರಿ ಅಲಾರಂ ಕೂಗುತ್ತದೆ. ಖರೀದಿಸುವಾಗ ಸೀಳುಗಳ ಒಳಗೆ ಸಣ್ಣ ಕಣ್ಣಿನ ಲೋಹದ ಜಾಲರಿ ಇದೆಯೇ ಎಂದು ಟಾರ್ಚ್ ಬಿಟ್ಟು ನೋಡುವುದು ಒಳ್ಳೆಯದು. ಈ ದೌರ್ಬಲ್ಯಗಳನ್ನು ಜಾಗದ ಆಯ್ಕೆಯಿಂದ ಮತ್ತು ಸ್ವಚ್ಛತೆಯಿಂದ ಬಹುಮಟ್ಟಿಗೆ ನಿವಾರಿಸಬಹುದು. ಆದರೆ ಅಡುಗೆಯ ಘಾಟು ಮನೆಯ ತುಂಬ ಹರಡುವುದರಿಂದ ಅಯಾನೀಕರಣ ಮಾದರಿಯ ದೌರ್ಬಲ್ಯಕ್ಕೆ ಅಷ್ಟು ಸುಲಭದ ಪರಿಹಾರವಿಲ್ಲ.

ಎರಡೂ ಕೋಶಗಳನ್ನು ಒಂದೇ ಬಿಲ್ಲೆಯಲ್ಲಿ ಇಟ್ಟ ಜೋಡಿ ಮಾದರಿಗಳೂ ಇವೆ. ಸಾಮಾನ್ಯವಾಗಿ ಅವುಗಳಲ್ಲಿ ಯಾವ ಕೋಶ ಎಚ್ಚರಗೊಂಡರೂ ಸೈರನ್ ಕೂಗುತ್ತದೆ, ಆದ್ದರಿಂದ ಒಗ್ಗರಣೆಯ ಸಮಸ್ಯೆ ಅವುಗಳಲ್ಲಿಯೂ ಉಳಿದುಕೊಳ್ಳುತ್ತದೆ.

ಅಂಗಡಿಯಲ್ಲಿ ನೋಡಬೇಕಾದದ್ದು

ಯಾವ ಮಾದರಿ ಎಂದು ತಿಳಿಯಲು ಬಿಲ್ಲೆಯನ್ನು ತಿರುವಿ ಹಾಕಿ ಹಿಂಬದಿಯ ಚೀಟಿಯನ್ನು ಓದಬೇಕು. ಅಯಾನೀಕರಣ ಮಾದರಿಯಾದರೆ ಮೂರು ದಳಗಳ ವಿಕಿರಣ ಚಿಹ್ನೆಯೋ ಅಮೆರಿಸಿಯಂ-241 ಎಂಬ ಉಲ್ಲೇಖವೋ ಅಲ್ಲಿರುತ್ತದೆ. ಭಾರತದಲ್ಲಿ ಇಂಥ ಅಲಾರಂಗಳು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಂತ್ರಣಕ್ಕೆ ಒಳಪಟ್ಟಿವೆ. ಹೊರದೇಶದಿಂದ ಬಂದ ನೆಂಟರು ಕೊಟ್ಟ ಹಳೆಯ ಅಲಾರಂ ಮನೆಯಲ್ಲಿದ್ದರೆ ಅದು ಅಯಾನೀಕರಣ ಮಾದರಿಯಾಗಿರುವ ಸಾಧ್ಯತೆ ಇದೆ. ತೂಗುಹಾಕುವ ಮೊದಲು ಚೀಟಿ ನೋಡಿ.

ಇದಕ್ಕಿಂತ ಹೆಚ್ಚಾಗಿ ಜನ ಎಡವುವುದು ಇನ್ನೊಂದು ಕಡೆ. ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸ್ಮೋಕ್ ಡಿಟೆಕ್ಟರ್ ಎಂದು ಕೇಳಿದರೆ ಆಫೀಸು, ಆಸ್ಪತ್ರೆ, ಛತ್ರಗಳಿಗೆ ಹಾಕುವ ಸಾಧನವನ್ನು ಕೊಡುವುದುಂಟು. ಅದು ಎರಡು ತಂತಿಗಳ ಮೂಲಕ 24 ವೋಲ್ಟಿನ ಫೈರ್ ಅಲಾರಂ ಪ್ಯಾನೆಲ್‌ಗೆ ಜೋಡಿಸಬೇಕಾದ ಸಾಧನ. ಅದಕ್ಕೆ ಸ್ವಂತ ಬ್ಯಾಟರಿಯಿಲ್ಲ, ಸ್ವಂತ ಸೈರನ್ನೂ ಇಲ್ಲ. ಪ್ಯಾನೆಲ್ ಇಲ್ಲದ ಮನೆಯ ತಾರಸಿಗೆ ಅದನ್ನು ತಿರುಗಿಸಿ ಕೂರಿಸಿದರೆ ಅದು ಬರೀ ಅಲಂಕಾರದ ವಸ್ತು. ಐಎಸ್ 2189 ಎಂಬ ಭಾರತೀಯ ಸಂಹಿತೆಯು ಇಂಥ ಪ್ಯಾನೆಲ್ ವ್ಯವಸ್ಥೆಗಳ ಆಯ್ಕೆ, ಅಳವಡಿಕೆಗೆ ಸಂಬಂಧಿಸಿದ್ದು. ಮನೆಗೆ ಬೇಕಾದದ್ದು ಬ್ಯಾಟರಿ, ಕೋಶ, ಸೈರನ್ ಮೂರೂ ಒಂದೇ ಬಿಲ್ಲೆಯಲ್ಲಿರುವ ಸ್ವತಂತ್ರ ಅಲಾರಂ. ಗುರುತು ಸುಲಭ: ಪರೀಕ್ಷೆಯ ಗುಂಡಿ ಒತ್ತಿದಾಗ ಕೈಯಲ್ಲಿರುವಾಗಲೇ ಅದು ಕಿವಿಗಡಚಿಕ್ಕುವಂತೆ ಕೂಗಬೇಕು.

ಮಹಡಿಯ ಮನೆಯಾದರೆ ಒಂದು ಕೂಗಿದರೆ ಉಳಿದವೂ ಕೂಗುವಂತೆ ವೈರ್‌ಲೆಸ್ ಆಗಿ ಪರಸ್ಪರ ಜೋಡಿಸಬಹುದಾದವುಗಳನ್ನು ಕೊಳ್ಳುವುದು ಮೇಲು. ಬಾಗಿಲು ಹಾಕಿಕೊಂಡು, ಫ್ಯಾನ್ ಹಾಕಿಕೊಂಡು ಮೇಲೆ ಮಲಗಿದವರಿಗೆ ಕೆಳಗಿನ ಸೈರನ್ ಕೇಳಿಸೀತು ಎಂದು ನಂಬುವಂತಿಲ್ಲ.

ಫ್ಯಾನ್ ಇರುವ ಕೋಣೆಯಲ್ಲಿ ಜಾಗದ ಲೆಕ್ಕ

ಹೊಗೆ ಬಿಸಿಯಾಗಿರುವುದರಿಂದ ಮೇಲೇರಿ ತಾರಸಿಯ ಕೆಳಗೆ ಹರಡುತ್ತದೆ, ಆದ್ದರಿಂದ ಅಲಾರಂ ತಾರಸಿಯ ನಡುವೆ ಇರಬೇಕು ಎಂಬುದು ಮೂಲ ಸೂತ್ರ. ನಮ್ಮ ಕೋಣೆಗಳ ನಡುವೆ ಫ್ಯಾನ್ ಇದೆ. ಫ್ಯಾನ್ ತಿರುಗುವಾಗ ರೆಕ್ಕೆಯ ಸುತ್ತ ಗಾಳಿಯ ಸೆಳೆತ ಬಲವಾಗಿರುತ್ತದೆ. ಅಲ್ಲಿ ಹೊಗೆ ನಿಲ್ಲದೆ ಚದುರಿಹೋಗುತ್ತದೆ. ಅಯಾನೀಕರಣ ಕೋಶಕ್ಕೆ ಇನ್ನೂ ಒಂದು ತೊಂದರೆ: ಜೋರು ಗಾಳಿ ಅಯಾನುಗಳ ಹರಿವನ್ನೇ ಏರುಪೇರು ಮಾಡಬಲ್ಲದು. ಅಮೆರಿಕದ ಎನ್‌ಎಫ್‌ಪಿಎ 72 ಸಂಹಿತೆಯು ಫ್ಯಾನಿನ ರೆಕ್ಕೆಯ ತುದಿಯಿಂದ ಅಲಾರಂವರೆಗೆ ಕನಿಷ್ಠ ಮೂರು ಅಡಿ, ಅಂದರೆ ಸುಮಾರು 90 ಸೆಂಟಿಮೀಟರ್ ಅಂತರ ಕೇಳುತ್ತದೆ.

ಹತ್ತು ಅಡಿಗೆ ಹತ್ತು ಅಡಿಯ ಮಲಗುವ ಕೋಣೆಯನ್ನು ತೆಗೆದುಕೊಳ್ಳೋಣ. ಒಂದು ಬದಿ 305 ಸೆಂಟಿಮೀಟರ್. ನಡುವಿನ ಕೊಕ್ಕೆಯಿಂದ ಗೋಡೆಗೆ 152 ಸೆಂಟಿಮೀಟರ್. ಸಾಮಾನ್ಯವಾದ 48 ಇಂಚಿನ ಫ್ಯಾನಿನ ರೆಕ್ಕೆ ಕೊಕ್ಕೆಯಿಂದ 60 ಸೆಂಟಿಮೀಟರ್ ಚಾಚಿಕೊಳ್ಳುತ್ತದೆ. ಉಳಿದದ್ದು 92. ಹೀಗಾಗಿ ಕೊಕ್ಕೆಯಿಂದ ಗೋಡೆಯ ಕಡೆಗೆ ನೇರವಾಗಿ ಹೋದರೆ ತಾರಸಿಯ ಮೇಲೆ ಅಲಾರಂಗೆ ಜಾಗವೇ ಸಿಗುವುದಿಲ್ಲ, ಗೋಡೆ ಬಂದೇಬಿಡುತ್ತದೆ. ಆದರೆ ಮೂಲೆಯ ದಿಕ್ಕಿನಲ್ಲಿ ಜಾಗವಿದೆ. ಎರಡೂ ಗೋಡೆಗಳಿಂದ 45 ಸೆಂಟಿಮೀಟರ್, ಅಂದರೆ ಒಂದೂವರೆ ಅಡಿ ಬಿಟ್ಟು ತಾರಸಿಯ ಮೇಲೆ ಒಂದು ಗುರುತು ಹಾಕಿದರೆ ಅದು ಕೊಕ್ಕೆಯಿಂದ ಸುಮಾರು 152 ಸೆಂಟಿಮೀಟರ್, ರೆಕ್ಕೆಯ ತುದಿಯಿಂದ ಸುಮಾರು 92 ಸೆಂಟಿಮೀಟರ್ ದೂರದಲ್ಲಿರುತ್ತದೆ. ಮೂಲೆಗೆ ತೀರಾ ಅಂಟಿಸಬಾರದು. ಗೋಡೆ ಮತ್ತು ತಾರಸಿ ಸೇರುವ ಸಂದಿಯಲ್ಲಿ ಗಾಳಿಯ ಚಲನೆ ಕಡಿಮೆ, ಹೊಗೆ ಅಲ್ಲಿಗೆ ತಡವಾಗಿ ತಲುಪುತ್ತದೆ. ಒಂದೂವರೆ ಅಡಿಯ ಗುರುತು ಈ ಎರಡೂ ತೊಂದರೆಗಳಿಂದ ತಪ್ಪಿಸಿಕೊಂಡ ಜಾಗ. ಕೋಣೆ ಇದಕ್ಕಿಂತ ದೊಡ್ಡದಾದರೆ ಆಯ್ಕೆ ಹೆಚ್ಚು, ಚಿಕ್ಕದಾದರೆ ಗೋಡೆಯ ಮೇಲೆ ಹಾಕಬೇಕಾಗುತ್ತದೆ. ಗೋಡೆಯ ಮೇಲೆ ಹಾಕುವಾಗ ಬಿಲ್ಲೆಯ ಮೇಲಂಚು ತಾರಸಿಯಿಂದ 10ರಿಂದ 30 ಸೆಂಟಿಮೀಟರ್ ಒಳಗೆ ಇರಲಿ.

ನಾಲ್ಕು ಮೂಲೆಗಳಲ್ಲಿ ಯಾವುದು? ಎಸಿ ಗಾಳಿ ಬಡಿಯುವ ಮೂಲೆ ಬೇಡ, ಸ್ನಾನದ ಕೋಣೆಯ ಬಾಗಿಲ ಪಕ್ಕದ್ದೂ ಬೇಡ. ಎರಡರಿಂದಲೂ ಕನಿಷ್ಠ 90 ಸೆಂಟಿಮೀಟರ್ ದೂರ ಬೇಕು. ಸದಾ ತೆರೆದಿಡುವ ಕಿಟಕಿಯ ಮೇಲೆ ಹಾಕಿದರೆ ಹೊಗೆ ಅಲಾರಂ ಮುಟ್ಟುವ ಮುನ್ನ ಹೊರಗೆ ಹೋಗಬಹುದು. ಉಳಿದ ಮೂಲೆಗಳಲ್ಲಿ ಮಂಚಕ್ಕೂ ಪ್ಲಗ್ ಪಾಯಿಂಟಿಗೂ ಹತ್ತಿರದ್ದನ್ನು ನಾನು ಆರಿಸುತ್ತೇನೆ. ಫ್ಯಾನ್ ಜೋರಾಗಿ ತಿರುಗುವಾಗ ಹೊಗೆ ಇಡೀ ಕೋಣೆಯ ಗಾಳಿಯಲ್ಲಿ ಬೆರೆತು ತೆಳುವಾಗುವುದರಿಂದ ಅಲಾರಂ ಕೂಗುವುದು ಸ್ವಲ್ಪ ತಡವಾಗುತ್ತದೆ ಎಂಬುದನ್ನು ಅಲ್ಲಗಳೆಯಲಾಗದು. ಆದ್ದರಿಂದಲೇ ಹೊಗೆಯ ಹಂತದಲ್ಲಿ ಚುರುಕಾದ ಮಾದರಿಯನ್ನು ಮಲಗುವ ಕೋಣೆಯ ಒಳಗೇ ಇಡಬೇಕು ಎಂದು ಒತ್ತಿ ಹೇಳುತ್ತಿದ್ದೇನೆ.

ಛಾವಣಿಯ ಬಗೆ

ಆರ್‌ಸಿಸಿ ತಾರಸಿಗೆ ಮೇಲಿನ ಲೆಕ್ಕ ಸಾಕು. ಶೀಟ್ ಮನೆಗಳಲ್ಲಿ ಪರಿಸ್ಥಿತಿ ಬೇರೆ. ಏಪ್ರಿಲ್ ತಿಂಗಳಲ್ಲಿ ಶೀಟಿನ ಕೆಳಗೆ ಬಿಸಿ ಗಾಳಿಯ ಒಂದು ಪದರ ನಿಂತಿರುತ್ತದೆ. ಹೊಗೆಯಾಡುವ ಬೆಂಕಿಯ ಹೊಗೆ ಅಷ್ಟೇನೂ ಬಿಸಿಯಲ್ಲ. ಆ ಪದರವನ್ನು ಭೇದಿಸಲಾರದೆ ಅದರ ಕೆಳಗೇ ಅಡ್ಡಲಾಗಿ ಹರಡುತ್ತದೆ. ಶೀಟಿಗೆ ಅಂಟಿಸಿದ ಅಲಾರಂ ಮೇಲೆ ಸುಮ್ಮನೆ ಇರುತ್ತದೆ, ಹೊಗೆ ಕೆಳಗೆ ದಟ್ಟವಾಗುತ್ತಿರುತ್ತದೆ. ಇಲ್ಲಿ ಬಿಸಿಲು ಬೀಳದ ಒಳಗೋಡೆಯ ಮೇಲೆ, ಛಾವಣಿಯಿಂದ 30 ಸೆಂಟಿಮೀಟರ್ ಒಳಗೆ ಹಾಕುವುದು ಉತ್ತಮ.

ಇಳಿಜಾರಿನ ಹಂಚಿನ ಮನೆಯಲ್ಲಿ ಹೊಗೆ ಏಣುತೊಲೆಯ ಕಡೆಗೆ ಹೋಗುತ್ತದೆ. ತುತ್ತತುದಿಯ 10 ಸೆಂಟಿಮೀಟರನ್ನು ಬಿಟ್ಟು, ಅಡ್ಡಳತೆಯಲ್ಲಿ ಏಣಿನಿಂದ 90 ಸೆಂಟಿಮೀಟರ್ ಒಳಗೆ ಅಲಾರಂ ಇರಬೇಕು. ಹಂಚಿನ ಸಂದುಗಳಿಂದ ಹೊಗೆಯ ಒಂದು ಪಾಲು ಹೊರಗೆ ಹೋಗುವುದನ್ನು ತಡೆಯಲಾಗದು. ಹಲಗೆಯ ಅಟ್ಟವಿದ್ದರೆ ಅಟ್ಟದ ಅಡಿಭಾಗಕ್ಕೆ, ಮಲಗುವವರ ಮೇಲೆ ಹಾಕುವುದೇ ಹೆಚ್ಚು ನಂಬಿಕೆಗೆ ಅರ್ಹ. ಕೋಲಾರ, ಚಿಕ್ಕಬಳ್ಳಾಪುರದ ಕಲ್ಲು ಚಪ್ಪಡಿಯ ಮನೆಗಳಲ್ಲಿ ಡ್ರಿಲ್ ಮಾಡುವುದು ಕಷ್ಟವೆಂದು ಅಂಟು ಟೇಪಿನಿಂದ ಅಂಟಿಸುವವರಿದ್ದಾರೆ. ಸುಣ್ಣ ಬಳಿದ ಕಲ್ಲಿನ ಮೇಲೆ ಟೇಪು ನಿಲ್ಲುವುದಿಲ್ಲ, ಸುಣ್ಣದ ಪದರದ ಸಮೇತ ಕಿತ್ತು ಬೀಳುತ್ತದೆ. ಮರದ ಸಣ್ಣ ಹಲಗೆಯೊಂದನ್ನು ಗೋಡೆಯ ಗಾರೆಗೆ ತಿರುಪು ಹಾಕಿ ಕೂರಿಸಿ ಅದರ ಮೇಲೆ ಅಲಾರಂ ಬಿಗಿಯಿರಿ.

ಕ್ಯಾತ್ಸಂದ್ರದ ಒಂದು ಮನೆ

ತುಮಕೂರಿನ ಕ್ಯಾತ್ಸಂದ್ರದಲ್ಲಿ 30-40ರ ನಿವೇಶನದಲ್ಲಿ ಕಟ್ಟಿದ ನನ್ನ ತಂಗಿಯ ಮನೆಯನ್ನು ಉದಾಹರಣೆಯಾಗಿ ಇಡುತ್ತೇನೆ, ಏಕೆಂದರೆ ಈ ನಕ್ಷೆಯ ಮನೆಗಳು ನಮ್ಮ ಊರುಗಳಲ್ಲಿ ತುಂಬ ಇವೆ. ಕೆಳಗೆ ಹಾಲ್, ಅದಕ್ಕೆ ತೆರೆದುಕೊಂಡ ಅಡುಗೆಮನೆ, ಈಶಾನ್ಯಕ್ಕೆ ದೇವರ ಕೋಣೆ, ವಯಸ್ಸಾದ ಅತ್ತೆ ಮಾವ ಮಲಗುವ ಒಂದು ಕೋಣೆ, ಮನೆಯೊಳಗೇ ಮೆಟ್ಟಿಲು. ಮೇಲೆ ಎರಡು ಕೋಣೆ, ನಡುವೆ ಚಿಕ್ಕ ಲಾಬಿ. ಮೆಟ್ಟಿಲ ಕೆಳಗೆ ಯುಪಿಎಸ್ ಬ್ಯಾಟರಿ, ಅದರ ಪಕ್ಕದಲ್ಲಿಯೇ ಸ್ಕೂಟರಿನ ಚಾರ್ಜರ್.

ಎಲೆಕ್ಟ್ರಿಷಿಯನ್ ಮೊದಲ ಅಲಾರಂ ಅನ್ನು ಅಡುಗೆಮನೆಯ ಒಳಗೆ ಹಾಕಲು ಹೊರಟರು. "ಅಲ್ಲೇ ಅಲ್ವಾ ಸಾರ್ ಬೆಂಕಿ ಇರೋದು?" ಎಂಬ ಅವರ ಪ್ರಶ್ನೆ ಸಹಜವಾದದ್ದೇ. ಆದರೆ ಒಲೆಯಿಂದ ಮೂರು ಮೀಟರ್ ಒಳಗೆ ಯಾವ ಮಾದರಿಯ ಹೊಗೆ ಅಲಾರಂ ಕೂಡ ಬೇಡ. ಮೂರರಿಂದ ಆರು ಮೀಟರ್ ನಡುವೆ ಹಾಕಲೇಬೇಕಾದರೆ ಫೋಟೋಎಲೆಕ್ಟ್ರಿಕ್ ಮಾದರಿಯನ್ನೋ ಗುಂಡಿ ಒತ್ತಿದರೆ ಕೆಲವು ನಿಮಿಷ ಸುಮ್ಮನಾಗುವ ಸೌಲಭ್ಯವಿರುವುದನ್ನೋ ಹಾಕಬೇಕು. ಅಡುಗೆಮನೆಗೆ ಸರಿಹೊಂದುವುದು ಶಾಖದ ಅಲಾರಂ. ಅದು ಹೊಗೆಯನ್ನು ಲೆಕ್ಕಿಸದೆ, ತಾರಸಿಯ ಬಳಿಯ ಉಷ್ಣತೆ ಸುಮಾರು 57 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಕೂಗುತ್ತದೆ. ಗ್ಯಾಸ್ ಸೋರಿಕೆಯನ್ನು ಇವೆರಡೂ ಗುರುತಿಸುವುದಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಅದರ ಸಾಧನ ನೆಲದ ಹತ್ತಿರ ಇರಬೇಕು, ಅದು ಬೇರೆಯೇ ಖರೀದಿ.

ಕೆಳಗಿನ ಹಾಲ್‌ನಲ್ಲಿ ಒಲೆಯಿಂದ ಆರು ಮೀಟರಿಗಿಂತ ದೂರ, ಅತ್ತೆ ಮಾವನ ಕೋಣೆಯ ಬಾಗಿಲಿಗೂ ಮೆಟ್ಟಿಲ ಬುಡಕ್ಕೂ ಹತ್ತಿರ ಇರುವ ತಾರಸಿಯ ಭಾಗದಲ್ಲಿ ಒಂದು ಅಲಾರಂ ಕೂರಿಸಿದೆವು. ಯುಪಿಎಸ್ ಇರುವ ಜಾಗದ ಹೊಗೆ ಮೊದಲು ಹಾಯುವುದೂ ಅಲ್ಲಿಯೇ. ದೇವರ ಕೋಣೆ ಅದರಿಂದ ಹಾಲ್‌ನ ಇನ್ನೊಂದು ತುದಿಯಲ್ಲಿರುವುದರಿಂದ ದಿನದ ಊದುಬತ್ತಿಯಿಂದ ತೊಂದರೆಯಿಲ್ಲ. ಸಾಂಬ್ರಾಣಿ ಹಾಕುವ ದಿನ ಕಿಟಕಿ ತೆರೆದು, ಮೊದಲೇ ಅಲಾರಂನ ಸುಮ್ಮನಾಗಿಸುವ ಗುಂಡಿ ಒತ್ತುವುದು ರೂಢಿಯಾಗಿದೆ. ಬ್ಯಾಟರಿ ಬಿಚ್ಚಬಾರದೆಂಬ ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಿದ್ದೇನೆ.

ಮೇಲಿನ ಲಾಬಿಯಲ್ಲಿ, ಮೆಟ್ಟಿಲು ಮುಗಿಯುವ ಕಡೆ ಎರಡನೆಯದು. ಕೆಳಗಿನ ಹೊಗೆಗೆ ಮೆಟ್ಟಿಲ ಬಾಯಿಯೇ ಚಿಮಣಿ. ಮೂರು ಮಲಗುವ ಕೋಣೆಗಳಿಗೆ ಒಂದೊಂದು. ಹೀಗೆ ಐದು ಫೋಟೋಎಲೆಕ್ಟ್ರಿಕ್ ಅಲಾರಂ, ಒಂದು ಶಾಖದ ಅಲಾರಂ. ಒಂದೇ ಸಲಕ್ಕೆ ಇಷ್ಟು ಕೊಳ್ಳಲಾಗದಿದ್ದರೆ ಹಾಲ್ ಮತ್ತು ಲಾಬಿಯಿಂದ ಆರಂಭಿಸಿ, ಅದಾದ ಮೇಲೆ ರಾತ್ರಿ ಬಾಗಿಲು ಹಾಕಿಕೊಳ್ಳುವ, ಸೊಳ್ಳೆ ಬತ್ತಿ ಹಚ್ಚುವ ಅಥವಾ ಮೊಬೈಲ್ ಚಾರ್ಜಿಗೆ ಹಾಕಿ ಮಲಗುವ ಕೋಣೆಗಳನ್ನು ಮೊದಲು ಪೂರೈಸಬೇಕು. ಮುಚ್ಚಿದ ಬಾಗಿಲು ಹೊರಗಿನ ಹೊಗೆಯನ್ನು ತಡೆಯುತ್ತದೆ ನಿಜ, ಆದರೆ ಒಳಗೆ ಹುಟ್ಟಿದ ಹೊಗೆಯನ್ನು ಲಾಬಿಯ ಅಲಾರಂನಿಂದಲೂ ಅಷ್ಟೇ ಚೆನ್ನಾಗಿ ಮರೆಮಾಡುತ್ತದೆ.

ಅತ್ತೆ ಮಾವನ ಕೋಣೆಯ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ಸಾಮಾನ್ಯ ಅಲಾರಂನ ಸದ್ದು ತೀಕ್ಷ್ಣವಾದ ಎತ್ತರದ ಸ್ವರದ್ದು. ವಯಸ್ಸಾದಂತೆ ಮೊದಲು ಮಂದವಾಗುವುದು ಅದೇ ಸ್ವರಗಳನ್ನು ಕೇಳುವ ಶಕ್ತಿ. ಅವರು ಮಲಗಿರುವಾಗ ಒಮ್ಮೆ ಹೇಳಿಯೇ ಗುಂಡಿ ಒತ್ತಿ, ಏಳುತ್ತಾರೆಯೇ ನೋಡಬೇಕು. ಏಳದಿದ್ದರೆ ಅವರ ಕೋಣೆಯ ಅಲಾರಂ ಮೇಲಿನವರ ಅಲಾರಂ ಜೊತೆ ಜೋಡಣೆಯಾಗಿರುವುದು ಕಡ್ಡಾಯವೆಂದೇ ತಿಳಿಯಬೇಕು. 520 ಹರ್ಟ್ಸ್‌ನ ತಗ್ಗು ಸ್ವರದಲ್ಲಿ ಕೂಗುವ ಅಲಾರಂಗಳು ಇಂಥವರಿಗೆಂದೇ ಇವೆ.

ನಂತರದ ನಿಗಾ

ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಬೇಕು. ಗುಂಡಿಯ ಪರೀಕ್ಷೆ ಬ್ಯಾಟರಿ, ಸರ್ಕ್ಯೂಟು, ಸೈರನ್ ಸರಿಯಿವೆಯೆಂದು ಹೇಳುತ್ತದೆಯೇ ಹೊರತು ಸೀಳುಗಳು ಜೇಡರ ಬಲೆಯಿಂದ ಕಟ್ಟಿಹೋಗಿಲ್ಲವೆಂದು ಹೇಳುವುದಿಲ್ಲ. ಅದನ್ನು ಕಣ್ಣಿಂದಲೇ ನೋಡಬೇಕು. ಮೃದುವಾದ ಬ್ರಷ್ಷಿನಿಂದ ಅಥವಾ ವ್ಯಾಕ್ಯೂಮ್ ಕ್ಲೀನರಿನಿಂದ ಹೊರಗಿನಿಂದಷ್ಟೇ ಧೂಳು ತೆಗೆಯಿರಿ, ಒದ್ದೆ ಬಟ್ಟೆ ಬೇಡ. ಮನೆಗೆ ಸುಣ್ಣಬಣ್ಣ ಮಾಡಿಸುವಾಗ, ಟೈಲ್ಸ್ ಕತ್ತರಿಸುವಾಗ ಅಲಾರಂಗಳನ್ನು ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಕೆಲಸ ಮುಗಿದ ದಿನವೇ ಮತ್ತೆ ಹಾಕಬೇಕು. ಬಣ್ಣದವರು ಬಿಲ್ಲೆಯ ಮೇಲೆಯೇ ಡಿಸ್ಟೆಂಪರ್ ಬಳಿದರೆ ಸೀಳುಗಳು ಮುಚ್ಚಿಹೋಗುತ್ತವೆ, ಅಂಥದ್ದನ್ನು ಬದಲಿಸುವುದೇ ದಾರಿ. ಆಗೊಮ್ಮೆ ಈಗೊಮ್ಮೆ ಕಿಚ್ ಎಂಬ ಒಂಟಿ ಸದ್ದು ಬಂದರೆ ಬ್ಯಾಟರಿ ಮುಗಿಯುತ್ತಿದೆ ಎಂದರ್ಥ. ಎರಡೂ ಮಾದರಿಗಳ ಆಯುಷ್ಯ ತಯಾರಾದ ದಿನದಿಂದ ಹತ್ತು ವರ್ಷ. ಆ ದಿನಾಂಕ ಹಿಂಬದಿಯ ಚೀಟಿಯಲ್ಲಿರುತ್ತದೆ.

ಹತ್ತು ವರ್ಷ ಮುಗಿದ ಫೋಟೋಎಲೆಕ್ಟ್ರಿಕ್ ಅಲಾರಂ ಬ್ಯಾಟರಿ ತೆಗೆದ ಮೇಲೆ ಸಾಮಾನ್ಯ ಇ-ತ್ಯಾಜ್ಯ. ಅಯಾನೀಕರಣ ಅಲಾರಂ ಹಾಗಲ್ಲ. ಅಮೆರಿಸಿಯಂ-241ರ ಅರ್ಧಾಯುಷ್ಯ ಸುಮಾರು 432 ವರ್ಷವಾದ್ದರಿಂದ ಹತ್ತು ವರ್ಷದಲ್ಲಿ ಅದರ ವಿಕಿರಣ ಕುಂದಿರುವುದೇ ಇಲ್ಲ ಎನ್ನಬಹುದು. ಆಲ್ಫಾ ಕಣಗಳು ಗಾಳಿಯಲ್ಲಿ ಕೆಲವೇ ಸೆಂಟಿಮೀಟರ್ ಸಾಗುತ್ತವೆ, ಒಂದು ಹಾಳೆ ಕಾಗದವೂ ಅವನ್ನು ತಡೆಯುತ್ತದೆ. ಆದ್ದರಿಂದ ತಾರಸಿಯ ಮೇಲೆ ಇರುವವರೆಗೆ ಅದರಿಂದ ಮನೆಯವರಿಗೆ ಅಪಾಯವಿಲ್ಲ. ಒಡೆದಾಗ, ಸುಟ್ಟಾಗ ಆ ಧಾತು ಉಸಿರಿನ ಅಥವಾ ಊಟದ ಮೂಲಕ ದೇಹದೊಳಗೆ ಸೇರುವುದು ಅಪಾಯ. ಹಾಗಾಗಿ ಅದನ್ನು ಗುಜರಿಯವರಿಗೆ ಹಾಕಬಾರದು, ಕಸದ ಜೊತೆ ಸುಡಬಾರದು, ಒಳಗೆ ಏನಿದೆ ಎಂದು ಮಕ್ಕಳು ಬಿಚ್ಚದಂತೆ ನೋಡಿಕೊಳ್ಳಬೇಕು. ಬಿಲ್ಲೆಯನ್ನು ಇಡಿಯಾಗಿಯೇ ಪ್ಯಾಕ್ ಮಾಡಿ ಮಾರಿದವರಿಗೆ ಅಥವಾ ತಯಾರಕರಿಗೆ ಹಿಂದಿರುಗಿಸಬೇಕು. ಕೊಳ್ಳುವ ದಿನವೇ, ಹಿಂದಕ್ಕೆ ತೆಗೆದುಕೊಳ್ಳುತ್ತೀರಾ ಎಂದು ಅಂಗಡಿಯವರನ್ನು ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ಒಳಿತು.